ಲಂಡನ್ ಬ್ಯಾರಿಸ್ಟರ್ ಮೇಲ್ ಬಂದದ, ಕಾಕಾ 16,500 ಕಟ್ಟಾಕ ತಯಾರಾಗ್ಯಾರ, ಹ್ಯಾಂಗ ತಡೀಬೇಕು?

ಆಳಂದ_ಹುಡುಗ

ನಮಸ್ಕಾರ್ರೀ ಎಲ್ಲಾರಿಗೂ. ಸ್ವಲ್ಪ ಉದ್ದ ಅದ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ ಕಾಕಾ ರಿಟೈರ್ಡ್ ಹೈಸ್ಕೂಲ್ ಮಾಸ್ತರು, ಆಳಂದದಾಗ ಇರ್ತಾರ. ಹೋದ್ ತಿಂಗಳ ಅವರಿಗಿ ಲಂಡನ್ನಿನ ಬ್ಯಾರಿಸ್ಟರ್ ಅಂತ ಒಬ್ಬನ ಕಡಿಂದ ಇ-ಮೇಲ್ ಬಂತು. ಪಾಟೀಲ್ ಅನ್ನೋ ಒಬ್ಬ ಎಂಜಿನಿಯರ್ ಅಲ್ಲಿ ಎಣ್ಣೆ ಕಂಪನ್ಯಾಗ ಇದ್ರಂತ, ಹೆಂಡ್ತಿ ಮಕ್ಕಳ ಸಮೇತ ಆಕ್ಸಿಡೆಂಟಿನಾಗ ತೀರ್ಕೊಂಡ್ರಂತ, ಅವರ ಖಾತಿದಾಗ 42 ಲಕ್ಷ ಪೌಂಡ್ ಹಂಗೇ ಬಿದ್ದದಂತ, ವಾರಸುದಾರ ಯಾರೂ ಬರ್ಲಿಲ್ಲಂದ್ರ 14 ದಿನದಾಗ ಬ್ಯಾಂಕ್ ಅದನ್ನ ಜಪ್ತಿ ಮಾಡ್ಕೋತದಂತ. ನೀವೂ ಪಾಟೀಲ್ರು, ನಿಮ್ಮನ್ನ ಹತ್ತಿರದ ಸಂಬಂಧಿ ಅಂತ ತೋರಸ್ತೀನಿ, ಅರ್ಧ ನಿಮಗ ಅರ್ಧ ನನಗ ಅಂತ ಬರದಾನ.

ಕಾಕಾ ನಮಗ ಯಾರಿಗೂ ಹೇಳ್ದೇ ಉತ್ತರ ಬರದು, ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲನೇ ಪುಟ ಎಲ್ಲಾ ಕಳಸ್ಯಾರ. ಈಗ ಕೆಂಪು ಸೀಲ್ ಹೊಡದ ಒಂದು ಕಾಗದ ಬಂದದ, ಹೈಕೋರ್ಟಿನಾಗ ಅಫಿಡವಿಟ್ ಮಾಡ್ಸಾಕ 16,500 ರೂಪಾಯಿ ಕಟ್ರಿ ಅಂತ. ನಾ ಬ್ಯಾಡ ಅಂದ್ರ "40 ಕೋಟಿ ಮುಂದ 16 ಸಾವಿರ ಯಾವ್ ಲೆಕ್ಕ ಬಿಡೋ" ಅಂತಾರ. ಅವರು ನಂಬಾಕ ಇನ್ನೊಂದು ಕಾರಣ ಅದ. ನಮ್ ಮುತ್ಯಾನ ತಮ್ಮ ಒಬ್ಬ ಬಾಂಬೆಕ್ಕ ಹೋದಾವ ತಿರುಗಿ ಬರ್ಲೇ ಇಲ್ಲ, ಮನ್ಯಾಗ ಇವತ್ತಿಗೂ ಅವನ ಮಾತು ಬರ್ತದ. ಇದು ಅವನ ವಂಶದೋರೇ ಇರ್ಬೇಕು ಅಂತ ಕಾಕಾನ ತಲ್ಯಾಗ ಕುಂತುಬಿಟ್ಟದ. ಸುಮ್ನ ಮೋಸ ಮೋಸ ಅಂದ್ರ ಕೇಳಲ್ಲರಿ, ಅವರೇ ನೋಡಿ ಒಪ್ಪುವಂಥದ್ದು ಏನರ ಹೇಳ್ರಿ.

ಜೇವರ್ಗಿ_ಜಗ್ಗು

ಬ್ರೋ ಇದು ನೈಜೀರಿಯಾದ 419, ಅಲ್ಲಿನ ಕ್ರಿಮಿನಲ್ ಕೋಡಿನ ಸೆಕ್ಷನ್ ನಂಬರ್ ಅದು, ನಮ್ಮಲ್ಲಿ 420 ಅಂತಿದ್ವಲ್ಲ ಹಂಗ. ಟೆನ್ಷನ್ ಬ್ಯಾಡ, ಕಟ್ಟಿದ್ರೂ 1930ಕ್ಕ ಫೋನ್ ಮಾಡಿದ್ರ ರೊಕ್ಕ ವಾಪಸ್ ಬರ್ತದ. ಇನ್ನೊಂದ್ ಕೆಲಸ ಮಾಡು, ಜಿಮೇಲ್ ಕಂಪ್ಯೂಟರಿನಾಗ ತೆಗದು ಆ ಮೇಲಿನ ಮೂರು ಚುಕ್ಕಿ ಒತ್ತಿ Show original ನೋಡು. ಅಲ್ಲಿ SPF ಮುಂದ PASS ಇದ್ರ ಅಸಲಿ, FAIL ಇದ್ರ ನಕಲಿ. ಎರಡು ನಿಮಿಷದ ಕೆಲಸ.

ಆಳಂದ_ಹುಡುಗ

ನೋಡ್ದೆ ಅಣ್ಣಾ. SPF ಮುಂದ PASS ಅಂತೇ ಅದ. ಈಗೇನು, ಅಸಲಿ ಅಂತೀರೇನು? ಕಾಕಾಗ ತೋರಿಸಿಲ್ಲ ಇನ್ನಾ, ತೋರ್ಸಿದ್ರ ಮುಗೀತು ಕಥಿ.

ಬೀದರ್_ಫಾರೆಕ್ಸ್

ಆ ಪಾಸ್ ನೋಡಿ ಗಾಬರಿ ಆಗ್ಬೇಡಿ ತಮ್ಮಾ. ಅದು ಹೇಳೋದು ಇಷ್ಟೇ, ಯಾವ ಡೊಮೇನ್ ಹೆಸರಲ್ಲಿ ಬಂತೋ ಆ ಡೊಮೇನ್ ಒಪ್ಪಿದ ಸರ್ವರಿನಿಂದಲೇ ಮೇಲ್ ಹೊರಟಿದೆ ಅಂತ. ನಾನು ಇವತ್ತು ಒಂದು ಡೊಮೇನ್ ಕೊಂಡು ನಾಳೆ ಅದರಿಂದ ಸುಳ್ಳು ಬರೆದು ಕಳಿಸಿದರೂ ಪಾಸ್ ಅಂತಲೇ ಬರುತ್ತೆ. ಬರೆದವನು ವಕೀಲನೋ ಕಳ್ಳನೋ ಅದಕ್ಕೆ ಗೊತ್ತಾಗಲ್ಲ. ಅದೇ ಪುಟದಲ್ಲಿ ಇನ್ನೊಂದು ಸಾಲು ಇರುತ್ತೆ, ಅದನ್ನ ನೋಡಿ. ಇಂಥ ಮೇಲುಗಳಲ್ಲಿ ಹೆಚ್ಚಾಗಿ ಹೀಗಿರುತ್ತೆ, ವಿಳಾಸ ನಾನು ಉದಾಹರಣೆಗೆ ಹಾಕಿದ್ದು:

```
From: "Barrister Chambers" <office@chambers.example>
Reply-To: <barr.chambers@freemail.example>
```

ಬಂದದ್ದು ಒಂದು ಕಡೆಯಿಂದ, ನಾವು ಉತ್ತರ ಬರೆದರೆ ಹೋಗೋದು ಬೇರೆ ಕಡೆ, ಅದೂ ಯಾರು ಬೇಕಾದರೂ ತೆರೆಯೋ ಬಿಟ್ಟಿ ಖಾತೆಗೆ.

ನಾನು ಬ್ಯಾಂಕಿನಲ್ಲಿ ಫಾರಿನ್ ಎಕ್ಸ್‌ಚೇಂಜ್ ಡೆಸ್ಕಿನಲ್ಲೇ ಬಹಳ ವರ್ಷ ಕೂತವನು, ಈಗ ರಿಟೈರ್ಡ್. ನಿಮ್ಮ ಕಾಕಾ ಅವರಂಥವರಿಗೆ ಕಂಪ್ಯೂಟರ್ ಮಾತು ಹೇಳಿದರೆ ನಾಟಲ್ಲ, ರೊಕ್ಕದ ದಾರಿ ಹೇಳಿದರೆ ನಾಟುತ್ತೆ. ಮೊದಲು ಒಂದು ಹೇಳಿ, 16,500 ಯಾವ ಖಾತೆಗೆ ಕಟ್ಟೋಕೆ ಹೇಳಿದಾನೆ? ಐಎಫ್‌ಎಸ್‌ಸಿ ಕೋಡ್ ಕೊಟ್ಟಿದಾನಾ? ನಂಬರ್ ಇಲ್ಲಿ ಹಾಕಬೇಡಿ, ಎಂಥಾ ಖಾತೆ ಅಂತ ಅಷ್ಟೇ ಹೇಳಿ.

ಬಸವಕಲ್ಯಾಣ_ಅಕ್ಕ

ನಡುವ ಮಾತಾಡ್ತೀನಿ ಕ್ಷಮಿಸ್ರಿ. ನಮ್ ಅಣ್ಣ ಸೌದಿದಾಗ ಕೆಲಸಕ್ಕಿದ್ದ, ಅಲ್ಲೇ ತೀರ್ಕೊಂಡ. ಕಂಪನಿ ಕಡಿಂದ ಪಗಾರ ಬಾಕಿ ಬರ್ಬೇಕು, ಪರಿಹಾರನೂ ಬರ್ತದ ಅಂತ ಅವನ ಜೋಡಿ ಇದ್ದೋರು ಹೇಳ್ಯಾರ. ನೀವೆಲ್ಲಾ ಫಾರಿನ್ ರೊಕ್ಕ ಅಂದ್ರ ಮೋಸ ಅನ್ಲಾಕತ್ತೀರಿ, ಹಂಗಾದ್ರ ಅದೂ ಸುಳ್ಳೇನ್ರೀ? ವೈನಿ ದಿನಾ ಅಳ್ತಾರ.

ಬೀದರ್_ಫಾರೆಕ್ಸ್

ಇಲ್ಲ ತಂಗೀ, ನಿಮ್ಮದು ಬೇರೆ. ನಿಮ್ಮ ಅಣ್ಣ ನಿಜವಾಗಿ ಇದ್ದರು, ಅವರ ಪಾಸ್‌ಪೋರ್ಟ್, ವೀಸಾ, ಕಂಪನಿ ಹೆಸರು ಎಲ್ಲಾ ನಿಮ್ಮ ಹತ್ತಿರ ಇದೆ. ಅಂಥ ಹಣದ ಕೆಲಸ ನಮ್ಮ ಎಂಬೆಸಿ ಮೂಲಕ ಆಗುತ್ತೆ, ಊರಿನ ಕಡೆಯಿಂದ ವಾರಸುದಾರರ ಕಾಗದ ತಹಶೀಲ್ದಾರ್ ಕಚೇರಿಯಲ್ಲಿ ಮಾಡಿಸಬೇಕಾಗುತ್ತೆ. ವಿದೇಶಾಂಗ ಇಲಾಖೆಯದ್ದು ಮದದ್ ಅಂತ ಪೋರ್ಟಲ್ ಇದೆ, ಅದರಲ್ಲಿ ದೂರು ದಾಖಲಿಸಿ ನಂಬರ್ ಇಟ್ಕೊಳ್ಳಿ, ನಿಧಾನ ಆಗುತ್ತೆ ಆದರೆ ನಿಜವಾದ ದಾರಿ ಅದು. ನಡುವೆ ಯಾರಾದರೂ ಫೋನ್ ಮಾಡಿ "ಫೈಲ್ ಬೇಗ ಮಾಡಿಸ್ತೀನಿ, ಇಷ್ಟು ಹಾಕಿ" ಅಂದರೆ ಮಾತ್ರ ಹಾಕಬೇಡಿ. ಬೇರೆ ಥ್ರೆಡ್ ಹಾಕಿ, ಅಲ್ಲಿ ವಿವರ ಬರೀತೀನಿ.

ಆಳಂದ_ಹುಡುಗ

ಸರ್, ಖಾತಿ ನೋಡ್ದೆ. ಸೇವಿಂಗ್ಸ್ ಅಕೌಂಟ್, ಯಾರದೋ ಒಬ್ಬ ಹೆಣ್ಮಗಳ ಹೆಸರಿನಾಗ ಅದ, ವಕೀಲನ ಹೆಸರು ಅಲ್ಲ. ಐಎಫ್‌ಎಸ್‌ಸಿ ಹಾಕಿ ಹುಡುಕಿದ್ರ ದಿಲ್ಲಿ ಕಡೀದು ಒಂದು ಬ್ರಾಂಚ್ ತೋರಸ್ತದ. ಕೇಳಿದ್ರ ಅವ "ಇವರು ಇಂಡಿಯಾದಾಗ ನಮ್ಮ ಪೇಯಿಂಗ್ ಏಜೆಂಟ್" ಅಂದಾನಂತ.

ಬೀದರ್_ಫಾರೆಕ್ಸ್

ಹಾಂ, ಇಲ್ಲಿಂದಲೇ ಶುರು ಮಾಡಿ. ಕಾಕಾ ಅವರನ್ನ ಕೂರಿಸಿ ಇದೊಂದೇ ಕೇಳಿ, ಲಂಡನ್ ಹೈಕೋರ್ಟಿನ ಫೀ ದಿಲ್ಲಿಯಲ್ಲಿ ಒಬ್ಬರ ಉಳಿತಾಯ ಖಾತೆಗೆ ಯಾಕೆ ಹೋಗುತ್ತೆ? ಆ ಹೆಣ್ಣುಮಗಳಿಗೂ ಏನೂ ಗೊತ್ತಿರಲಿಕ್ಕಿಲ್ಲ, ತಿಂಗಳಿಗೆ ಇಷ್ಟು ಕೊಡ್ತೀವಿ ಅಂತ ಯಾರೋ ಅವರ ಎಟಿಎಂ ಕಾರ್ಡು, ಸಿಮ್ಮು ಇಸ್ಕೊಂಡಿರ್ತಾರೆ. ಹಣ ಬಿದ್ದ ಕೂಡಲೇ ಬೇರೆ ಬೇರೆ ಖಾತೆಗೆ ಹಂಚಿ ಹೋಗುತ್ತೆ, ಇಲ್ಲಾ ಎಟಿಎಮ್ಮಿನಲ್ಲಿ ತೆಗೀತಾರೆ. ಅದಕ್ಕೇ ಜಗ್ಗು ಅವರೇ, 1930 ಮಾಡಿದರೆ ವಾಪಸ್ ಬರುತ್ತೆ ಅನ್ನೋದು ಅರ್ಧ ಸತ್ಯ. ಅವರು ಮಾಡೋದು ಆ ಖಾತೆಯಲ್ಲಿ ಇನ್ನೂ ಉಳಿದಿರೋದನ್ನ ತಡೆ ಹಿಡಿಯೋದು. ಒಂದೆರಡು ಗಂಟೆ ಒಳಗೆ ಹೇಳಿದರೆ ಆಸೆ ಇದೆ. ಈ ವಾರಸುದಾರಿಕೆ ಮೋಸದಲ್ಲಿ ಮಂದಿಗೆ ತಾವು ಮೋಸ ಹೋದದ್ದು ಗೊತ್ತಾಗೋಕೇ ಎರಡು ಮೂರು ತಿಂಗಳು ಬೇಕು, ಅಷ್ಟರಲ್ಲಿ ಖಾತೆ ಖಾಲಿ. ತಡೆ ಹಿಡಿದ ಹಣ ಬಿಡಿಸೋಕೂ ಎಷ್ಟೋ ಸಲ ಕೋರ್ಟಿನ ಆದೇಶ ಬೇಕಾಗುತ್ತೆ.

ಎರಡನೇದು, ನನ್ನ ಪ್ರಕಾರ ಇದೇ ಮುಖ್ಯ. ಕಾಕಾ ಅವರ ಕೈಲೇ ಒಂದು ಸಾಲು ಬರೆಸಿ: "ನಿಮ್ಮ ಫೀ ಎಷ್ಟೇ ಇರಲಿ, ಆ 42 ಲಕ್ಷ ಪೌಂಡಿನಲ್ಲೇ ಮುರಿದುಕೊಂಡು ಉಳಿದದ್ದು ಕಳಿಸಿ." ನಿಜವಾದ ಆಸ್ತಿ ವ್ಯವಹಾರದಲ್ಲಿ ಹೀಗೇ ಆಗೋದು. ಇಂಗ್ಲೆಂಡಿನಲ್ಲಿ ಸತ್ತವರ ಆಸ್ತಿ ನೋಡ್ಕೊಳ್ಳೋಕೆ ಒಬ್ಬ ನಿರ್ವಾಹಕ ಇರ್ತಾನೆ, ಸಾಲ, ಟ್ಯಾಕ್ಸ್, ವಕೀಲರ ಖರ್ಚು ಎಲ್ಲಾ ಆ ಆಸ್ತಿಯಿಂದಲೇ ತೀರಿಸಿ ಉಳಿದದ್ದನ್ನ ವಾರಸುದಾರರಿಗೆ ಹಂಚ್ತಾನೆ. ಅಲ್ಲಿನ ಇನ್‌ಹೆರಿಟೆನ್ಸ್ ಟ್ಯಾಕ್ಸ್ 40 ಪರ್ಸೆಂಟ್, 3,25,000 ಪೌಂಡ್ ಮೇಲಿನದಕ್ಕೆ, ಅಷ್ಟು ದೊಡ್ಡ ಟ್ಯಾಕ್ಸನ್ನೂ ಸಾಮಾನ್ಯವಾಗಿ ಆಸ್ತಿಯಿಂದಲೇ ಕಟ್ತಾರೆ. ಕೋಟಿಗಟ್ಟಲೆ ಟ್ಯಾಕ್ಸ್ ಅದರಲ್ಲೇ ಮುರಿಯೋಕೆ ಬರುತ್ತೆ ಅಂದಮೇಲೆ ಜುಜುಬಿ 16,500 ಮುರಿಯೋಕೆ ಯಾಕೆ ಬರಲ್ಲ?

ಶಹಾಪುರ_ಲಾಯರ್_ಮಗಳು

ಬ್ಯಾಂಕ್ ಅಂಕಲ್ ಹೇಳಿದ್ದಕ್ಕ ಒಂದ್ ಮಾತು ಸೇರಸ್ತೀನಿ. ಬ್ಯಾರಿಸ್ಟರ್ ಅಂತ ಬರಕೊಂಡಿದ್ದೇ ಅವನ ತಪ್ಪು. ಇಂಗ್ಲೆಂಡಿನಾಗ ಆಸ್ತಿ ಹಂಚಿಕಿ ಕೆಲಸ ಮಾಡೋರು ಹೆಚ್ಚಾಗಿ ಬ್ಯಾರೆ ನಮೂನಿ ವಕೀಲರಾದ ಸಾಲಿಸಿಟರ್‌ಗಳು. ಬ್ಯಾರಿಸ್ಟರ್‌ಗಳಿಗಿ ಕಕ್ಷಿದಾರರ ರೊಕ್ಕ ತಮ್ಮ ಕೈಯಾಗ ಇಟ್ಕೊಳ್ಳಾಕೇ ಅವರ ನಿಯಮದಾಗ ಅವಕಾಶ ಇಲ್ಲ. ಸಾಲಿಸಿಟರ್ ಅಂತ ಬರದಿದ್ರೂ ಹಂಗೇ ನಂಬಬಾರ್ದು, ಯಾಕಂದ್ರ ನಿಜವಾದ ಸಾಲಿಸಿಟರ್ ಹೆಸರು, ರಿಜಿಸ್ಟ್ರೇಷನ್ ನಂಬರ್ ಕದ್ದು ಹಾಕ್ತಾರ. ಅಲ್ಲಿನ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ ವೆಬ್‌ಸೈಟಿನಾಗ ಯಾರ್ ಬೇಕಾದ್ರೂ ಹೆಸರು ಹುಡುಕಬಹುದು, ಹೆಸರು ಕದ್ದ ಪ್ರಕರಣಗಳ ಎಚ್ಚರಿಕಿನೂ ಅಲ್ಲೇ ಹಾಕಿರ್ತಾರ. ಹೆಸರು ಸಿಕ್ಕಮ್ಯಾಲ ಫೋನ್ ಮಾಡೋದು ಅಲ್ಲಿರೋ ನಂಬರಿಗಿ, ಮೇಲಿನಾಗ ಬರದ ನಂಬರಿಗಲ್ಲ.

ಮತ್ತ ಅಡ್ಡಹೆಸರಿನ ಮಾತು. ಒಂದೇ ಅಡ್ಡಹೆಸರು ಅಂದ್ರ ಆಸ್ತಿ ಬರಂಗಿದ್ರ ನಮ್ ಭಾಗದ ಪಾಟೀಲ್, ಕುಲಕರ್ಣಿ, ಬಿರಾದಾರರು ಇಷ್ಟೊತ್ತಿಗಿ ಲಂಡನ್ನಿನ ಅರ್ಧ ಕೊಂಡಿರ್ತಿದ್ರು. ಉಯಿಲು ಇಲ್ದೇ ಸತ್ರ ಅಲ್ಲಿ ಗಂಡ ಹೆಂಡ್ತಿ, ಮಕ್ಕಳು, ತಂದಿ ತಾಯಿ, ಅಣ್ಣ ತಮ್ಮ, ಹಂಗೇ ಮುಂದ ಕಾಕಾ ಮಾಮಾರ ತನಕ ರಕ್ತಸಂಬಂಧ ನೋಡ್ತಾರ, ಅದಕ್ಕ ಜನ್ಮದಾಖಲೆ ಬೇಕು. ಯಾರೂ ಇಲ್ಲಂದ್ರ ಸರ್ಕಾರಕ್ಕ ಹೋಗ್ತದ. ಬ್ಯಾಂಕ್ 14 ದಿನದಾಗ ನುಂಗೋ ಮಾತೇ ಇಲ್ಲ. ಅಲ್ಲಿ 15 ವರ್ಷ ಯಾರೂ ಮುಟ್ಟದ ಖಾತಿ ರೊಕ್ಕ ಬ್ಯಾರೆ ಫಂಡಿಗಿ ಹೋದ್ರೂ ನಿಜವಾದ ಹಕ್ಕುದಾರ ಬಂದು ಕೇಳಿದ್ರ ಕೊಡ್ಬೇಕು. ಆ 14 ದಿನ ಅನ್ನೋದು ನಿಮ್ ಕಾಕಾ ನಾಕು ಮಂದಿನ್ನ ಕೇಳಬಾರ್ದು ಅಂತ ಹಾಕಿದ ಗಡುವು.

ಆಳಂದ_ಹುಡುಗ

ಮೇಡಂ, ಬಾಂಬೆ ಮುತ್ಯಾನ ಮಾತಿಗಿ ಏನ್ ಹೇಳ್ಲಿ? ಅದೇ ಅವರ ಗಟ್ಟಿ ಪಾಯಿಂಟ್.

ಶಹಾಪುರ_ಲಾಯರ್_ಮಗಳು

ಅವರ ಮಾತನ್ನ ಅಲ್ಲಗಳೀಬ್ಯಾಡ್ರಿ, ಅದರ ಮ್ಯಾಲೇ ನಡೀರಿ. ಸತ್ತವನ ಅಪ್ಪನ ಹೆಸರೇನು, ಮುತ್ಯಾನ ಹೆಸರೇನು, ಯಾವ ಊರಿನ ಮೂಲ ಅಂತ ಕಾಕಾ ಅವನನ್ನ ಕೇಳ್ಲಿ. ಆದ್ರ ತಮ್ ಮುತ್ಯಾನ ತಮ್ಮನ ಹೆಸರು ತಾವು ಮೊದ್ಲು ಹೇಳಬಾರ್ದು. ಹೇಳಿದ್ರ ಅದನ್ನೇ ತಿರುಗಿಸಿ ಸರ್ಟಿಫಿಕೇಟ್ ಮಾಡಿ ಕಳಸ್ತಾನ.

ಇನ್ನೊಂದು ಸೂಕ್ಷ್ಮ ಅದ. ಮೊದಲನೇ ಮೇಲಿನಾಗ ಅವ "ಸಂಬಂಧಿ ಅಂತ ತೋರಸ್ತೀನಿ" ಅಂತ ಬರದಾನಲ್ಲ, ಅಂದ್ರ ಸಂಬಂಧ ಇಲ್ದಿದ್ರೂ ಅದ ಅಂತ ಕೋರ್ಟಿಗಿ ಸುಳ್ಳು ಹೇಳೋದು. ಕಾಕಾ ಅದಕ್ಕ ಹೂಂ ಅಂದು ಉತ್ತರ ಬರದಿದ್ರ, ನಾಳೆ ನಿಂದ್ರಿಸ್ತೀನಿ ಅಂದಾಗ ಅವ "ನೀವೇ ಸಹಿ ಮಾಡೀರಿ, ಪೊಲೀಸರಿಗಿ ಹೇಳ್ತೀನಿ" ಅಂತ ಹೆದರಸ್ತಾನ. ಎಷ್ಟೋ ಮಂದಿ ಕಂಪ್ಲೇಂಟ್ ಕೊಡ್ದೇ ಇರೋದು ಈ ಅಂಜಿಕಿಗೇ. ಮೋಸ ಮಾಡಾವ ಪೊಲೀಸರ ಹಂತ್ಯಾಕ ಹೋಗಂಗಿಲ್ಲ, ಅದನ್ನ ಈಗೇ ಕಾಕಾಗ ತಿಳಿಸಿ ಇಡ್ರಿ.

ತೊಗರಿ_ಕಣಜ

ನಂದೊಂದು ಡೌಟು. ಎಲ್ಲಾ ಮೋಸ ಅಂತೀರಿ, ಆದ್ರ ನಮ್ ಅಪ್ಪಂದು ಹಳೀ ಫಿಕ್ಸೆಡ್ ಡೆಪಾಸಿಟ್ ಒಂದು ಮರತೇಹೋಗಿತ್ತು, ಆರ್‌ಬಿಐ ಸೈಟಿನಾಗ ಹುಡುಕಿದ್ರ ಸಿಕ್ತು. ಹಂಗ ಕ್ಲೇಮ್ ಆಗದೇ ಉಳಿದ ರೊಕ್ಕ ಇರ್ತದಲ್ರೀ.

ಬೀದರ್_ಫಾರೆಕ್ಸ್

ಇರುತ್ತೆ, ಅದು ಉದ್ಗಮ್ ಪೋರ್ಟಲ್, udgam.rbi.org.in, 2023ರಲ್ಲಿ ಶುರುವಾದದ್ದು. ಹತ್ತು ವರ್ಷ ವ್ಯವಹಾರ ಇಲ್ಲದ ಡೆಪಾಸಿಟ್ಟುಗಳನ್ನ ಬ್ಯಾಂಕುಗಳು ಆರ್‌ಬಿಐ ಫಂಡಿಗೆ ಕಳಿಸ್ತವೆ, ಪೋರ್ಟಲಿನಲ್ಲಿ ಹುಡುಕೋದು ಬಿಟ್ಟಿ, ಕ್ಲೇಮ್ ಮಾಡೋದು ನಿಮ್ಮ ಬ್ರಾಂಚಿನಲ್ಲೇ. ನೋಡಿ, ಅಲ್ಲಿ ನೀವು ಹುಡುಕ್ಕೊಂಡು ಹೋದ್ರಿ. ಇಲ್ಲಿ ರೊಕ್ಕವೇ ಆಳಂದದ ಮಾಸ್ತರನ್ನ ಹುಡುಕ್ಕೊಂಡು ಬಂದಿದೆ.

ಜೇವರ್ಗಿ_ಜಗ್ಗು

ಸರ್ ಆದ್ರ ಒಂದು, ಫಾರಿನ್ನಿನಾಗ ವಾರಸುದಾರರನ್ನ ಹುಡುಕೋ ಕಂಪನಿಗಳೇ ಅವ ಅಂತ ಓದೀನಿ. ಹಂಗಾದ್ರ ರೊಕ್ಕ ಹುಡುಕ್ಕೊಂಡು ಬರಂಗೇ ಇಲ್ಲ ಅನ್ನೋದೂ ಅರ್ಧ ಸತ್ಯ ಆತಲ್ಲ.

ಬೀದರ್_ಫಾರೆಕ್ಸ್

ಒಪ್ಪಿದೆ, ಸರಿಯಾಗೇ ಹಿಡಿದ್ರಿ. ಅಂಥವರು ಇದಾರೆ. ಅವರು ವಂಶವೃಕ್ಷ ಮಾಡ್ಕೊಂಡೇ ಬರ್ತಾರೆ, ಸಾಮಾನ್ಯವಾಗಿ ಹಣ ಕೈಗೆ ಬಂದಮೇಲೆ ಅದರಲ್ಲಿ ಇಷ್ಟು ಪರ್ಸೆಂಟ್ ಅಂತ ಒಪ್ಪಂದ ಮಾಡ್ಕೋತಾರೆ. ಅಂದರೆ ಅವರೂ ಆಸ್ತಿಯಿಂದಲೇ ಮುರ್ಕೊಳ್ಳೋರು.

ನಾನು ಡ್ಯೂಟಿಯಲ್ಲಿದ್ದಾಗ ಕೌಂಟರಿಗೆ ಬಂದ ಒಬ್ಬ ವ್ಯಾಪಾರಸ್ಥರ ಕಥೆ ಹೇಳ್ತೀನಿ, ಮುಂದೆ ಏನಾಗುತ್ತೆ ಅನ್ನೋದು ಕಾಕಾ ಅವರಿಗೆ ಗೊತ್ತಾಗಲಿ. ಅವರು ಮೊದಲು ಕಟ್ಟಿದ್ದು 12,000, ಅಫಿಡವಿಟ್ಟಿಗೆ. ಎರಡು ವಾರ ಆದಮೇಲೆ ಕಳ್ಳ ಹಣ ಅಲ್ಲ, ಭಯೋತ್ಪಾದನೆ ಹಣ ಅಲ್ಲ ಅನ್ನೋ ಸರ್ಟಿಫಿಕೇಟಿಗೆ 45,000. ಅಂಥ ಸರ್ಟಿಫಿಕೇಟ್ ಗಿರಾಕಿ ದುಡ್ಡು ಕೊಟ್ಟು ತರೋದು ಅನ್ನೋದು ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ. ಆಮೇಲೆ ಅವರಿಗೆ ಒಂದು ಆನ್‌ಲೈನ್ ಬ್ಯಾಂಕಿನ ಲಿಂಕು, ಪಾಸ್‌ವರ್ಡ್ ಕೊಟ್ಟರು. ಒಳಗೆ ಹೋದರೆ ಅವರದೇ ಹೆಸರು, ಎದುರಿಗೆ ಪೂರ್ತಿ ಪೌಂಡು. ನನಗೆ ಫೋನಿನಲ್ಲಿ ತೋರಿಸಿದ್ರು, ಆ ಮುಖದ ಖುಷಿ ನೋಡಿ ನನಗೇ ಬಾಯಿ ಬರಲಿಲ್ಲ. ಟ್ರಾನ್ಸ್‌ಫರ್ ಒತ್ತಿದರೆ ಗೆರೆ ತುಂಬ್ತಾ ತುಂಬ್ತಾ ಮುಕ್ಕಾಲಿಗೆ ಬಂದು ನಿಲ್ತಿತ್ತು, COT code ಹಾಕಿ ಅಂತ. ಆ ಕೋಡಿಗೆ 95,000. ಅದು ಹಾಕಿದರೆ ಇನ್ನೊಂಚೂರು ಮುಂದೆ ಹೋಗಿ ಇನ್ನೊಂದು ಕೋಡ್ ಕೇಳ್ತು, ಅದಕ್ಕೆ 1,40,000. ಒಟ್ಟು 2,92,000 ಹೋಗಿತ್ತು, ನಮ್ಮ ಹತ್ತಿರ ಬಂದದ್ದು ಐದನೇ ಕಂತಿಗೆ ಬಂಗಾರದ ಸಾಲ ಕೇಳೋಕೆ. ಆ ವೆಬ್‌ಸೈಟೇ ಅವರು ಕಟ್ಟಿದ ನಾಟಕ, ಅಲ್ಲಿ ಯಾವ ಅಂಕಿ ಬೇಕಾದರೂ ಬರೀಬಹುದು.

ನಿಜವಾಗಿ ವಿದೇಶದಿಂದ ಹಣ ಬರೋದು ಹೇಗೆ ಅಂದರೆ, ಅಲ್ಲಿನ ಬ್ಯಾಂಕು ಸ್ವಿಫ್ಟ್ ಅನ್ನೋ ಬ್ಯಾಂಕುಗಳ ಜಾಲದ ಮೂಲಕ ನಮ್ಮ ಬ್ಯಾಂಕಿಗೆ ಕಳಿಸುತ್ತೆ, ಯಾಕೆ ಬಂತು ಅಂತ ನಮ್ಮವರು ಕೇಳ್ತಾರೆ, ಕಾಗದ ತೋರಿಸಿದರೆ ಕಮಿಷನ್ ಮುರಿದುಕೊಂಡು ನಿಮ್ಮ ಖಾತೆಗೆ ಹಾಕ್ತಾರೆ. ಆರ್‌ಬಿಐ ನಡುವೆ ಬಂದು ನಿಮ್ಮ ಹೆಸರಿಗೆ ಪತ್ರ ಬರೆಯಲ್ಲ, ವ್ಯಕ್ತಿಗಳ ಖಾತೆ ಇಟ್ಕೊಳ್ಳೋದೂ ಇಲ್ಲ. ಗವರ್ನರ್ ಸಹಿ ಇರೋ ಪತ್ರ ಬಂದರೆ ಅದೇ ನಕಲಿ ಅನ್ನೋದಕ್ಕೆ ಸಾಕ್ಷಿ. ಭಾರತದಲ್ಲಿ ವಾರಸುದಾರಿಕೆ ಟ್ಯಾಕ್ಸ್ ಕೂಡ ಇಲ್ಲ, ಎಸ್ಟೇಟ್ ಡ್ಯೂಟಿ ತೆಗೆದದ್ದು 1985ರಲ್ಲಿ, ಹಾಗಾಗಿ ಆ ಹೆಸರಲ್ಲಿ ಕೇಳಿದರೂ ಸುಳ್ಳೇ.

ಯಾದಗಿರಿ_ಪುಣೆ

ನಾ ಐಟಿದಾಗ ಇದೀನಿ. ಆಧಾರ್, ಪ್ಯಾನ್ ಹೋಗ್ಯಾವಲ್ಲ, ಅದೇ ದೊಡ್ಡ ರಿಸ್ಕು. ಇವತ್ತೇ ಆ ಬ್ಯಾಂಕ್ ಅಕೌಂಟ್ ಕ್ಲೋಸ್ ಮಾಡಿಸ್ರಿ.

ಬೀದರ್_ಫಾರೆಕ್ಸ್

ಕ್ಲೋಸ್ ಯಾಕೆ? ಪೆನ್ಷನ್ ಅದಕ್ಕೇ ಬರುತ್ತೆ ಅಂದರೆ ಮೂರು ತಿಂಗಳು ಟ್ರೆಜರಿ ಸುತ್ತಬೇಕಾಗುತ್ತೆ. ಖಾತೆ ನಂಬರಿನಿಂದ ಹಣ ತೆಗೆಯೋಕೆ ಆಗಲ್ಲ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಎಸ್‌ಎಂಎಸ್ ಅಲರ್ಟ್ ಇಟ್ಕೊಳ್ಳಿ, ಸಾಕು. ಗೊತ್ತಿಲ್ಲದ ಹಣ ಖಾತೆಗೆ ಬಿದ್ದರೆ ಮಾತ್ರ ಮುಟ್ಟದೇ ಬ್ರಾಂಚಿಗೆ ಹೇಳಿ, ಬೇರೆಯವರಿಂದ ಕದ್ದ ಹಣ ಇವರ ಖಾತೆ ಮೂಲಕ ಸಾಗಿಸೋದೂ ಉಂಟು.

ಯಾದಗಿರಿ_ಪುಣೆ

ಪ್ಯಾನ್ ಮ್ಯಾಲ ಯಾರರ ಲೋನ್ ತಗೊಂಡ್ರ ಸರ್? ನಾ ಹೇಳೋದು ಅದೇ. ಸಿಬಿಲ್ ರಿಪೋರ್ಟ್ ಆಗಾಗ ನೋಡ್ಕೋತ ಇರ್ಬೇಕು. ಅಕೌಂಟ್ ಬಗ್ಗೆ ನಾ ಇನ್ನೂ ಕ್ಲೋಸ್ ಅಂತೇ ಹೇಳ್ತೀನಿ, ಬೇಕಾದ್ರ ಬೈರಿ.

ಆಳಂದ_ಹುಡುಗ

ಅಪ್ಡೇಟ್ ರೀ. ನಿನ್ನೆ ರಾತ್ರಿ ಕಾಕಾನ ಕೈಲೇ ಬರಸ್ದೆ, ಫೀ ಅದ್ರಾಗೇ ಮುರ್ಕೋರಿ ಅಂತ, ಸತ್ತವನ ಮುತ್ಯಾನ ಹೆಸರೇನು ಅಂತನೂ. ಬೆಳಗಾಗೋದ್ರಾಗ ಉತ್ತರ ಬಂದದ. ಆ ಫಂಡ್ ಇನ್ಶೂರೆನ್ಸ್ ಬಾಂಡಿನಾಗ ಅದ, ಒಂದು ಪೈಸಾನೂ ಮುರಿಯಾಕ ಕಾನೂನು ಬಿಡಂಗಿಲ್ಲ, ಆದ್ರ ನಿಮ್ ಮ್ಯಾಲಿನ ಪ್ರೀತಿಗಿ 16,500ರಾಗ 8,000 ನಾ ಹಾಕ್ತೀನಿ, ಉಳಿದ 8,500 ನೀವ್ ಹಾಕ್ರಿ ಅಂತ! ಮುತ್ಯಾನ ಹೆಸರಿಗಿ ಉತ್ತರನೇ ಇಲ್ಲ.

ನನಗ ಅನಸ್ತು ಮುಗೀತು ಅಂತ. ಕಾಕಾ ಏನಂದ್ರು ಗೊತ್ತದೇನ್ರೀ, "ನೋಡು, ಕಳ್ಳ ಇದ್ರ ತನ್ನ ರೊಕ್ಕ ಯಾಕ ಹಾಕ್ತಾನ?"

ಶಹಾಪುರ_ಲಾಯರ್_ಮಗಳು

ಅವನ 8,000 ಯಾವ ಖಾತಿಗಿ ಹೋಗ್ತದ ಅಂತ ಕೇಳ್ರಿ. ಅವಂದೇ ಮನುಷ್ಯಾನ ಖಾತಿಗಿ ಅವನೇ ಹಾಕ್ಕೋತಾನ, ಅಷ್ಟೇ. ಅಥವಾ ಹಾಕಂಗೇ ಇಲ್ಲ, ರಸೀದಿ ಚಿತ್ರ ಒಂದು ಮಾಡಿ ಕಳಸ್ತಾನ.

ಆಳಂದ_ಹುಡುಗ

ಹೇಳ್ದೆ ಮೇಡಂ, ಸುಮ್ನ ಕುಂತ್ರು, ಹೂಂ ಅನ್ಲಿಲ್ಲ ಊಹೂಂ ಅನ್ಲಿಲ್ಲ. ಕಾಕು ಮಾತ್ರ ಚೆಕ್‌ಬುಕ್ಕು, ಎಟಿಎಂ ಕಾರ್ಡು ತಮ್ಮ ಟ್ರಂಕಿನಾಗ ಹಾಕಿ ಕೀಲಿ ಹಾಕ್ಯಾರ. ಫೋನಿನಾಗ ಫೋನ್‌ಪೇ ಇನ್ನಾ ಅದ, ಅದೇ ಚಿಂತಿ. ಸರ್, ರೊಕ್ಕ ಇನ್ನಾ ಹೋಗಿಲ್ಲಲ್ಲ, ಹಂಗಿದ್ರೂ ಕಂಪ್ಲೇಂಟ್ ತಗೋತಾರೇನು?

ಬೀದರ್_ಫಾರೆಕ್ಸ್

ತಗೋತಾರೆ. cybercrime.gov.in ಅಲ್ಲಿ ಅನುಮಾನದ ಇ-ಮೇಲ್, ಖಾತೆ ನಂಬರ್, ಫೋನ್ ನಂಬರ್ ವರದಿ ಮಾಡೋಕೆ ಬೇರೆ ಜಾಗವೇ ಇದೆ. ಕಲಬುರಗಿಯ ಸೈಬರ್ ಕ್ರೈಂ ಠಾಣೆಗೂ ಲಿಖಿತ ಕೊಡಬಹುದು, ಮೇಲುಗಳನ್ನ ಅಳಿಸಬೇಡಿ. ಆ ದಿಲ್ಲಿ ಖಾತೆ ಇರೋ ಬ್ಯಾಂಕಿನ ಆಳಂದ ಬ್ರಾಂಚ್ ಇದ್ದರೆ ಅಲ್ಲಿ ಮ್ಯಾನೇಜರಿಗೂ ಒಂದು ಪತ್ರ ಕೊಡಿ. ಸಾಧ್ಯ ಆದರೆ ಕಾಕಾ ಅವರನ್ನೇ ಜೊತೆಗೆ ಕರ್ಕೊಂಡು ಹೋಗಿ, ಮ್ಯಾನೇಜರ್ ಬಾಯಿಂದ ಕೇಳಿದರೆ ಬೇರೆ. ಫೋನ್‌ಪೇಗೆ ದಿನದ ಮಿತಿ 1,000ಕ್ಕೆ ಇಳಿಸೋಕೆ ಆಗುತ್ತಾ ಅಂತ ಕಾಕಾ ಅವರ ಖಾತೆ ಇರೋ ಬ್ರಾಂಚಿನಲ್ಲಿ ಕೇಳಿ.

ಬಸವಕಲ್ಯಾಣ_ಅಕ್ಕ

ಸರ್, ನಾ ಹೊಸ ಥ್ರೆಡ್ ಹಾಕೀನಿ ನೋಡ್ರಿ. ನಿನ್ನೆ ಒಬ್ಬ ಫೋನ್ ಮಾಡಿ ರಿಯಾದ್ ಎಂಬೆಸಿಯಿಂದ ಅಂದ, ಫೈಲಿಗಿ 6,000 ಹಾಕ್ರಿ ಅಂದ. ವೈನಿ ಇನ್ನಾ ಹಾಕಿಲ್ಲ.